ಶೇಕಡಾ 15ರ ಲೆಕ್ಕ ನಂಬಬೇಡಿ

"ಸಿಮಿಲಾರಿಟಿ 15% ದಾಟಿದ್ರೆ ಪೇಪರ್ ಸೀದಾ ರಿಜೆಕ್ಟ್, ಒಳಗಿದ್ರೆ ಸೇಫ್ ಅಂತೆ, ನಿಜನಾ?"

ಇಲ್ಲ. ಹಲವು ಜರ್ನಲ್‌ಗಳು ಬಳಸುವ ಐಥೆಂಟಿಕೇಟ್ ಎಂಬ ತಂತ್ರಾಂಶ ಬೇರೆ ಬರಹಗಳ ಜೊತೆ ಹೊಂದಿಕೆಯಾಗುವ ಸಾಲುಗಳನ್ನು ತೋರಿಸುತ್ತದೆ ಅಷ್ಟೇ, ಅದು ಕಳ್ಳತನವೋ ಅಲ್ಲವೋ ಅಂತ ತೀರ್ಪು ಕೊಡುವುದಿಲ್ಲ. ಬಲ್ಲ ಸಂಪಾದಕರು ಉಲ್ಲೇಖಪಟ್ಟಿಯನ್ನು ಲೆಕ್ಕದಿಂದ ತೆಗೆದು, ಯಾವ ಮೂಲದಿಂದ ಎಷ್ಟು, ಯಾವ ಭಾಗದಲ್ಲಿ ಅಂತ ನೋಡುತ್ತಾರೆ.

ಒಂದು ಪೇಪರ್‌ಗೆ 28% ಬಂತು ಅಂದುಕೊಳ್ಳಿ. ಅದರಲ್ಲಿ 19% ಲೇಖಕಿಯದೇ ಪಿಎಚ್‌ಡಿ ಪ್ರಬಂಧ, ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಇರುವುದು. ಬಹಳಷ್ಟು ಜರ್ನಲ್‌ಗಳು ಇದನ್ನು ಒಪ್ಪುತ್ತವೆ, ಆದರೆ ಮೊದಲೇ ಹೇಳಿರಬೇಕು. ಉಳಿದದ್ದರಲ್ಲಿ 5% ಅವರದೇ ಹಳೆಯ ಪೇಪರ್‌ನ ವಿಧಾನದ ಭಾಗ. ಪ್ರಯೋಗ ಅದೇ ಆದಾಗ ಮಾತು ಬದಲಾಯಿಸಿ ಬರೆಯುವುದು ಕಷ್ಟ ಅಲ್ವಾ, ಹಾಗಾಗಿ ಸ್ವಲ್ಪ ಸಡಿಲ ಇರುತ್ತದೆ. ಇನ್ನೊಂದು ಪೇಪರ್‌ಗೆ ಬರೀ 8%, ಆದರೆ ಅಷ್ಟೂ ಲೇಖಕರದೇ ಹಳೆಯ ಪೇಪರ್‌ನ ಫಲಿತಾಂಶ ಮತ್ತು ಚರ್ಚೆಯಿಂದ. ನಿಜವಾದ ತೊಂದರೆ ಇಲ್ಲಿದೆ, ಯಾಕಂದ್ರೆ ಹೊಸದೇನು ಅನ್ನುವುದೇ ಅನುಮಾನ.

ಆಗ ಸಂಪಾದಕರಿಂದ ಬರುವ ಪತ್ರದಲ್ಲಿ ಸಾಮಾನ್ಯವಾಗಿ ಕೇಳುವುದು ಇಷ್ಟು: ಹಳೆಯ ಪೇಪರ್‌ನ ಪ್ರತಿ ಕಳಿಸಿ, ಡೇಟಾ ಅದೇನಾ ಬೇರೆನಾ ಹೇಳಿ, ಅದನ್ನು ಯಾಕೆ ಉಲ್ಲೇಖಿಸಿಲ್ಲ, ಈ ಪ್ಯಾರಾಗಳನ್ನು ಮತ್ತೆ ಬರೆಯಿರಿ. ಹಕ್ಕು ಹಳೆಯ ಪ್ರಕಾಶಕರ ಹತ್ತಿರ ಇದ್ದರೆ ಅನುಮತಿಯನ್ನೂ ಕೇಳಬಹುದು. ಪತ್ರ ಬಂದ ಕೂಡಲೇ ಗಾಬರಿಯಾಗಿ ಸುಮ್ನೆ ಪದ ಪದ ಬದಲಾಯಿಸಿ ಶೇಕಡಾ ಇಳಿಸಬೇಡಿ, ಡೇಟಾ ಅದೇ ಆಗಿದ್ದರೆ ಅದು ಮುಚ್ಚಿಟ್ಟ ಹಾಗೇ ಕಾಣುತ್ತದೆ.