ಮೊದಲ ದಿನದ ಅಂಕಿಗಳನ್ನು ಸರಾಸರಿಗೆ ಸೇರಿಸಬಾರದು

“ಕ್ಲಿನಿಕ್‌ನಲ್ಲಿ ಬಿ.ಪಿ. 152/94 ಬಂತು, ಮನೆಯಲ್ಲಿ ಒಂದೊಂದು ಸಲ ಒಂದೊಂದು ಬರುತ್ತದೆ. ಯಾವುದನ್ನು ನಂಬಬೇಕು?”

ನಂಬಬೇಕಾದದ್ದು ವಾರದ ಸರಾಸರಿಯನ್ನು. ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ಕಾಫಿ-ತಿಂಡಿಗೆ ಮೊದಲು, ಬೆನ್ನಿಗೆ ಆಸರೆಯಿಟ್ಟು ಐದು ನಿಮಿಷ ಮಾತಿಲ್ಲದೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಿಸಿ, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆಯಬೇಕು, ಸಂಜೆಯೂ ಹಾಗೆಯೇ. ಏಳು ದಿನಕ್ಕೆ 28 ಅಂಕಿಗಳಾಗುತ್ತವೆ. ಯಂತ್ರದ ಹೊಸತನಕ್ಕೆ ಮೊದಲ ದಿನ ಒತ್ತಡ ಏರಿರುವುದು ಸಾಮಾನ್ಯವಾದ್ದರಿಂದ ಆ ನಾಲ್ಕನ್ನು ಬಿಟ್ಟು, ಉಳಿದ 24ರ ಸರಾಸರಿ ತೆಗೆಯಬೇಕು. ಅದು 135/85 ಅಥವಾ ಹೆಚ್ಚಿದ್ದರೆ, ಮೇಲಿನದೊಂದೇ ಅಥವಾ ಕೆಳಗಿನದೊಂದೇ ದಾಟಿದರೂ, ಅಧಿಕ ರಕ್ತದೊತ್ತಡವೆಂದು ಪರಿಗಣಿಸುತ್ತಾರೆ. ಕ್ಲಿನಿಕ್‌ನ 140/90 ಮಿತಿ ಮನೆಗೆ ಅನ್ವಯಿಸುವುದಿಲ್ಲ.

ನಮ್ಮ ತಂದೆಯವರಿಗೆ ಮೊದಲ ದಿನದ ಸರಾಸರಿ 148/90, ಉಳಿದ ಆರು ದಿನಗಳದ್ದು 133/83 ಇತ್ತು. ಎಲ್ಲವನ್ನೂ ಕೂಡಿಸಿದ್ದರೆ 135/84 ಆಗಿ, ಇಲ್ಲದ ಕಾಯಿಲೆ ಇದೆಯೆಂದಾಗುತ್ತಿತ್ತು. ಆದರೆ ಅವರು ಹೆಚ್ಚು ಬಂದಾಗಲೆಲ್ಲ ಮತ್ತೆ ಅಳೆದು ಕಡಿಮೆಯದನ್ನೇ ಡೈರಿಯಲ್ಲಿ ಬರೆಯುತ್ತಿದ್ದುದು ಯಂತ್ರದ ಮೆಮೊರಿ ನೋಡಿದಾಗ ತಿಳಿಯಿತು. ಆದ್ದರಿಂದ ಮೇಲಿನ ಲೆಕ್ಕವನ್ನು ಮೆಮೊರಿಯಿಂದಲೇ ಮಾಡಿದೆವು. ವೈದ್ಯರಿಗೆ ಯಂತ್ರವನ್ನೇ ಒಯ್ದು ತೋರಿಸಿ.