ಹಗಲು ಚುಕ್ಕಿ ಎಣಿಸಿದ್ದು

ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ. ಹಿಂದಿನ ಕೋಣೆಯ ಬಾಗಿಲು, ಕಿಟಕಿ ಹಾಕಿಕೊಂಡು, ಬೆವರು ಸುರಿಸುತ್ತಾ ಕತ್ತಲಲ್ಲಿ ಮೇಲೆ ನೋಡುತ್ತಾ ನಿಂತಿದ್ದೆ. ಹೊರಗಿನಿಂದ ಅವ್ವ ಕೇಳಿದಳು:

"ಏನೋ, ಹಗಲಿನ್ಯಾಗ ಚುಕ್ಕಿ ಎಣಸ್ಲತ್ತೀ ಏನು?"

ಹೌದು, ಅದನ್ನೇ ಮಾಡುತ್ತಿದ್ದೆ. ಆ ಕೋಣೆಗೆ ಹಳೆಯ ಸಿಮೆಂಟ್ ಪತ್ರಾ. ಹೊರಗೆ ಸುಡುಬಿಸಿಲು, ಒಳಗೆ ಕತ್ತಲು ಇದ್ದರೆ ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಬೆಳಕು ಚುಚ್ಚುತ್ತದೆ. ಮಿರಗದ ಮಳೆಗೆ ಮುಂಚೆ ಇದು ಮುಗಿಯಬೇಕಿತ್ತು. ಎಂಟು ಚುಕ್ಕಿ ಸಿಕ್ಕವು, ಎಲ್ಲವೂ ಬೋಲ್ಟಿನ ಸುತ್ತಲೇ. ಒಂಬತ್ತನೆಯದು ಚುಕ್ಕಿಯಲ್ಲ, ಕೂದಲೆಳೆಯಂಥ ಗೀಟು. ಅದು ನನ್ನದೇ ಕೈಕೆಲಸ.

ಹೋದ ವರ್ಷ ಗೋಡೆಯ ಬಳಿಯ ಜೋಳದ ಚೀಲ ನೆನೆದಿತ್ತು. ಸ್ಪ್ಯಾನರ್ ಹಿಡಿದು ಏಣಿ ಹತ್ತಿದೆ. ಬಿಗಿ ಮಾಡಿದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಮೂರನೇ ಬೋಲ್ಟಿಗೆ 'ಟಪ್' ಅಂತು.

"ಹಪ್ಪಳ ಮುರದ್ಯಾ?" ಅಂದಿದ್ದಳು ಅವ್ವ.

ಈ ಸಲ ಮರ್ಯಾದೆಯಿಂದ ಗೌಂಡಿಯನ್ನು ಕರೆದೆ. ಬಿಸಿಲೇರುವ ಮುಂಚೆ ಬಂದು, ಪತ್ರಾದ ಮೇಲೆ ನೇರ ಕಾಲಿಡದೆ ಹಲಗೆ ಹಾಕಿಕೊಂಡು ಹೋದ. ಬೋಲ್ಟಿನ ತಲೆಯ ತಗಡಿನ ವಾಷರ್ ಎತ್ತಿದರೆ ಅದರಡಿಯ ಡಾಂಬರಿನ ವಾಷರ್ ಒಣಗಿ ಪುಡಿಯಾಗಿತ್ತು. ನೀರು ಇಳಿಯುತ್ತಿದ್ದುದು ಅಲ್ಲಿಂದ. ಬೋಲ್ಟೂ ಕಿಲುಬು ಹಿಡಿದು ತೆಳ್ಳಗಾಗಿತ್ತು, ತಿರುಗಿಸಿದರೆ ಮುರಿದೇ ಬಂತು.

"ವಾಷರ್ ಬೆರಳಿಗೆ ತಿರಗಬಾರ್ದು, ಅಷ್ಟೇ ಬಿಗಿ ಸಾಕ್ರೀ. ಬಿಸಲಿಗಿ ಪತ್ರಾ ಹಿಗ್ಗತದ, ಅದಕ್ಕ ಜಾಗಾ ಬೇಕಲ್ರೀ." ಅದಕ್ಕೇ ತೂತೂ ಬೋಲ್ಟಿಗಿಂತ ಒಂದೆರಡು ಮಿಲಿಮೀಟರ್ ದೊಡ್ಡದಿರಬೇಕಂತೆ, ಅದೂ ಪತ್ರಾದ ಉಬ್ಬಿನ ಮೇಲೆ. ತಗ್ಗಿನಲ್ಲಿ ಕೊರೆದರೆ ನೀರಿಗೆ ನಾವೇ ದಾರಿ ಕೊಟ್ಟಂತೆ.

ತೊಲೆ ಬಾಗಿದೆಯಾ ನೋಡುವ ಕೆಲಸ ನನ್ನದು. ತೊಲೆಯ ಕೆಳಗೆ ಎರಡೂ ತುದಿಗೆ ಒಂದೊಂದು ಕಡ್ಡಿಪೆಟ್ಟಿಗೆ ಇಟ್ಟು, ಅವುಗಳ ಅಡಿಯಿಂದ ದಾರ ಎಳೆದು ಕಟ್ಟಿದೆ. ನಡುವೆ ಮೂರನೇ ಕಡ್ಡಿಪೆಟ್ಟಿಗೆ ಸಲೀಸಾಗಿ ತೂರಿದರೆ ತೊಲೆ ನೆಟ್ಟಗಿದೆ, ತೂರದಿದ್ದರೆ ಜೋತು ಬಿದ್ದಿದೆ ಅಂತ. ತೂರಿತು. ನಾನು ಎದೆಯುಬ್ಬಿಸಿದೆ.

ಗೌಂಡಿ ಮಾತಾಡದೆ, ತೊಲೆ ಗೋಡೆಯೊಳಗೆ ಹೋಗುವ ಕಡೆ ಸ್ಕ್ರೂಡ್ರೈವರ್ ಚುಚ್ಚಿದ. ಬನ್ನಿಗೆ ಚುಚ್ಚಿದಂತೆ ಅರ್ಧ ಒಳಹೋಯಿತು. ಬೋಲ್ಟಿನಿಂದ ಇಳಿದ ನೀರು ಇಳಿಜಾರಿನ ತೊಲೆ ಹಿಡಿದು ಗೋಡೆಯವರೆಗೆ ಬಂದು, ತುದಿ ಕೊಳೆಸಿ, ಆಮೇಲೆ ಜೋಳಕ್ಕೆ ಬಿದ್ದಿತ್ತು. ನಾನು ಚೀಲದ ನೆತ್ತಿಯ ಮೇಲಷ್ಟೇ ತೂತು ಹುಡುಕಿದ್ದೆ! ದಾರಕ್ಕೆ ನಡುಭಾಗ ಕಂಡೀತೇ ಹೊರತು ಗೋಡೆಯೊಳಗಿನ ಕೊಳೆ ಹೇಗೆ ಕಾಣಬೇಕು?

ಬಡಿಗೇರನನ್ನು ಕರೆತರುವವರೆಗೆ ತೊಲೆಗೊಂದು ಊರುಗಂಬ ಕೊಟ್ಟು, ಗೌಂಡಿ ತನ್ನ ಏಣಿ ತೆಗೆದುಕೊಂಡು ಹೋದ.

ಸಂಜೆ ದೀಪ ಹಚ್ಚುವ ಹೊತ್ತು. "ಕಡ್ಡಿಪೆಟ್ಟಿಗಿ ಎಲ್ಲಿ ಇಟ್ಟೀಯೋ?" ಅಂದಳು ಅವ್ವ.

ಮೂರೂ ಮೇಲೇ ಇದ್ದವು.