ನೀರು ಬರುವ ಮೊದಲೇ ಕಾಲುವೆ ಬತ್ತಿಸುವ ವಿಧಾನ

ಬರದ ತಾಲ್ಲೂಕಿನ ಕಾಲುವೆ ಬತ್ತಲು ಬೇಸಿಗೆ ಬರಬೇಕೆಂದೇನೂ ಇಲ್ಲ. ಎಕ್ಸೆಲ್ ಹಾಳೆಯ ಒಂದು ಸೆಲ್ಲಿನಲ್ಲಿ 9 ಇದ್ದ ಕಡೆ 10 ಎಂದು ಒತ್ತಿದರೆ ಸಾಕು. ಕಾಲುವೆ ಇನ್ನೂ ಅಗೆದಿಲ್ಲ, ಸರ್ವೇ ಕಲ್ಲೂ ನೆಟ್ಟಿಲ್ಲ, ಆದರೂ ಒಣಗಿ ಹೋಗುತ್ತದೆ. ಅದೇ ಸೆಲ್ಲಿನಲ್ಲಿ 8 ಎಂದು ಒತ್ತಿ ನೋಡಿ, ತುಂಬಿ ಕೋಡಿ ಬೀಳುತ್ತದೆ. ಈ ಜಲವಿದ್ಯೆ ನಮ್ಮ ಜಿಲ್ಲೆಯ ಕಚೇರಿಗಳಿಗೆ ಕರಗತವಾಗಿರುವಷ್ಟು ಭಗೀರಥನಿಗೂ ಆಗಿರಲಿಲ್ಲ.

ದಾವಣಗೆರೆಯ ಒಂದು ಸಭಾಂಗಣ ಎಂದಿಟ್ಟುಕೊಳ್ಳಿ. ಕಚೇರಿಯ ಹೆಸರು ಬೇಡ, ಇರುವುದೂ ಇಲ್ಲ. ಮೇಜಿನ ಮೇಲೆ ಎರಡು ಕಡತ. ಮೊದಲನೆಯದು ಕುಡಿಯುವ ನೀರಿನ ಹಳೇ ಪಂಪುಗಳನ್ನು ಕಿತ್ತು, ಕಡಿಮೆ ಕರೆಂಟು ತಿನ್ನುವ ಪಂಪು ಕೂರಿಸುವುದು. ಖರ್ಚು 10 ಕೋಟಿ, ಆಯಸ್ಸು 5 ವರ್ಷ, ವರ್ಷಕ್ಕೆ ಉಳಿತಾಯ 2 ಕೋಟಿ 70 ಲಕ್ಷ. ಎರಡನೆಯದು ಕೆರೆ ತುಂಬಿಸುವ ಕಾಲುವೆ. ಖರ್ಚು ಇದಕ್ಕೂ 10 ಕೋಟಿ, ಆಯಸ್ಸು 40 ವರ್ಷ, ವರ್ಷಕ್ಕೆ ಲಾಭ 97 ಲಕ್ಷ 60 ಸಾವಿರ. ಖರ್ಚೆಲ್ಲ ಈ ದಿನವೇ, ಲಾಭ ಪ್ರತಿ ವರ್ಷದ ಕೊನೆಗೆ. ಬೆಲೆ ಏರಿಕೆಯನ್ನು ಲಾಭದಲ್ಲೂ ಸೇರಿಸಿಲ್ಲ, ದರದಲ್ಲೂ ಸೇರಿಸಿಲ್ಲ.

ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸಿ, ಅದರಿಂದ ಇಂದಿನ ಖರ್ಚು ಕಳೆದರೆ ಉಳಿಯುವುದೇ ಎನ್‌ಪಿವಿ. ಎಷ್ಟರ ಲೆಕ್ಕದಲ್ಲಿ ಇಳಿಸಬೇಕು ಎನ್ನುವುದು ಡಿಸ್ಕೌಂಟ್ ದರ. ಶೇ 9ರಲ್ಲಿ ಎರಡೂ ಕಡತ ಅವಳಿ ಮಕ್ಕಳು. ಪಂಪಿನ ಎನ್‌ಪಿವಿ 50 ಲಕ್ಷ, ಕಾಲುವೆಯದ್ದೂ 50 ಲಕ್ಷ. ಸಭೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಲೆಕ್ಕಪತ್ರದ ಸಾಹೇಬರು ಕನ್ನಡಕ ಏರಿಸಿ ಕೇಳಿದರು:

‘ಒಂಬತ್ತೇ ಯಾಕ್ರಿ? ಹತ್ತು ಹಾಕ್ರಿ. ರೌಂಡ್ ಫಿಗರ್ ಆಗ್ತದೆ.’

ಹಾಕಿದರು. ಪಂಪಿನ ಎನ್‌ಪಿವಿ 50 ಲಕ್ಷದಿಂದ ಸುಮಾರು 23.5 ಲಕ್ಷಕ್ಕೆ ಇಳಿಯಿತು. ಪೆಟ್ಟು ಬಿತ್ತು, ಪ್ರಾಣ ಹೋಗಲಿಲ್ಲ. ಕಾಲುವೆಯ ಎನ್‌ಪಿವಿ ಮಾತ್ರ 50 ಲಕ್ಷ ಲಾಭದಿಂದ ಸುಮಾರು 46 ಲಕ್ಷ ನಷ್ಟಕ್ಕೆ ಜಾರಿತು. ಒಬ್ಬ ರೈತನ ಲಾಭವೂ ಕಡಿಮೆಯಾಗಲಿಲ್ಲ, ಒಂದು ಲೋಡು ಜಲ್ಲಿಯ ರೇಟೂ ಏರಲಿಲ್ಲ. ಸಾಹೇಬರಿಗೆ ದುಂಡು ಸಂಖ್ಯೆ ಬೇಕಿತ್ತು, ಅಷ್ಟೇ.

ಕಾಲುವೆಯ ಪರವಾಗಿದ್ದ ಮುಖಂಡರು ಸುಮ್ಮನಿರುತ್ತಾರೆಯೇ? ‘ಎಂಟು ಹಾಕ್ರೀ ಸಾಹೇಬ್ರೆ, ನಮ್ದು ಬರಪೀಡಿತ ತಾಲ್ಲೂಕು’ ಎಂದರು. ಶೇ 8ರಲ್ಲಿ ಪಂಪಿಗೆ 78 ಲಕ್ಷ, ಕಾಲುವೆಗೆ 1 ಕೋಟಿ 64 ಲಕ್ಷ. ಇಲ್ಲೊಂದು ಸೂಕ್ಷ್ಮವಿದೆ, ಮುಖಂಡರು ಅದನ್ನು ಬೇಗ ಹಿಡಿದರು. ದರ ಒಂದು ಪಾಯಿಂಟ್ ಏರಿದಾಗ ಕಾಲುವೆ ಕಳೆದುಕೊಂಡದ್ದು 95 ಲಕ್ಷದಷ್ಟು, ಒಂದು ಪಾಯಿಂಟ್ ಇಳಿದಾಗ ಗಳಿಸಿದ್ದು 1 ಕೋಟಿ 14 ಲಕ್ಷದಷ್ಟು. ಇಳಿಸುವುದರಲ್ಲಿ ಇರುವ ಬರಕತ್ತು ಏರಿಸುವುದರಲ್ಲಿ ಇಲ್ಲ. ದೀರ್ಘಾಯುಷಿ ಯೋಜನೆ ಬೇಕಾದವರೆಲ್ಲ ದರದ ವಿಷಯದಲ್ಲಿ ಏಕೆ ಅಷ್ಟು ವಿನಯವಂತರಾಗುತ್ತಾರೆ ಎಂಬುದಕ್ಕೆ ಕಾರಣ ಇದು.

ಒಂದೇ ಪಾಯಿಂಟು, ಒಂದಕ್ಕೆ ಗುದ್ದು, ಇನ್ನೊಂದಕ್ಕೆ ಚಿತೆ. ಹೀಗೇಕೆ? ಕೇಳಿದರೆ ಸಭೆಯಲ್ಲಿ ಸಿಗುವ ಉತ್ತರ ‘ಚಕ್ರಬಡ್ಡಿ ಸಾರ್’. ಉತ್ತರ ಸುಳ್ಳಲ್ಲ, ಅರ್ಧ ಮಾತ್ರ. ಶೇ 9ರ ಬದಲು ಶೇ 10 ಹಾಕಿದರೆ ಐದನೇ ವರ್ಷದ ರೂಪಾಯಿ ತನ್ನ ಇಂದಿನ ಬೆಲೆಯಲ್ಲಿ ಶೇ 4.5ರಷ್ಟು ಕಳೆದುಕೊಳ್ಳುತ್ತದೆ, ಇಪ್ಪತ್ತನೆಯ ವರ್ಷದ್ದು ಶೇ 17ರಷ್ಟು, ನಲವತ್ತನೆಯ ವರ್ಷದ್ದು ಶೇ 30ಕ್ಕೂ ಹೆಚ್ಚು. ಇದನ್ನು ನೋಡಿದವರು ಕಾಲುವೆಯನ್ನು ಕೊಂದದ್ದು ಕಟ್ಟಕಡೆಯ ವರ್ಷಗಳು ಎಂದು ತೀರ್ಪು ಬರೆದುಬಿಡುತ್ತಾರೆ. ಆದರೆ ನಲವತ್ತನೆಯ ವರ್ಷದ ರೂಪಾಯಿಗೆ ಶೇ 9ರಲ್ಲೇ ಇಂದಿನ ಬೆಲೆ 3.2 ಪೈಸೆ. ಶೇ 10ರಲ್ಲಿ ಅದು 2.2 ಪೈಸೆ. ಹೋದದ್ದು ಒಂದು ಪೈಸೆ. ಮೊದಲೇ ಸತ್ತವನ ಜೇಬಿನಿಂದ ಎಷ್ಟು ಕದಿಯಲು ಸಾಧ್ಯ?

ನಿಜವಾದ ಕಳವು ನಡೆಯುವುದು ಮಧ್ಯದಲ್ಲಿ. ಮೊದಲ ವರ್ಷಗಳಲ್ಲಿ ಹಣಕ್ಕೆ ಬೆಲೆಯಿದೆ, ಆದರೆ ದರಕ್ಕೆ ಅದನ್ನು ಕೊರೆಯಲು ಸಮಯ ಸಿಕ್ಕಿಲ್ಲ. ಕೊನೆಯ ವರ್ಷಗಳಲ್ಲಿ ಕೊರೆಯಲು ಸಮಯವಿದೆ, ಕೊರೆಯಲು ಏನೂ ಉಳಿದಿಲ್ಲ. ಎರಡೂ ಕೂಡಿ ಬರುವುದು ಹನ್ನೊಂದನೆಯ ವರ್ಷದ ಆಸುಪಾಸಿನಲ್ಲಿ. ಆ ವರ್ಷದ ಒಂದು ರೂಪಾಯಿ 38.8 ಪೈಸೆಯಿಂದ 35 ಪೈಸೆಗೆ ಇಳಿಯುತ್ತದೆ, ಯಾವ ವರ್ಷದ ರೂಪಾಯಿಗೂ ಇದಕ್ಕಿಂತ ದೊಡ್ಡ ನಷ್ಟ ಆಗುವುದಿಲ್ಲ. ಕಾಲುವೆ ಕಳೆದುಕೊಂಡ ಒಟ್ಟು ಹಣದಲ್ಲಿ ಮೊದಲ ಐದು ವರ್ಷಗಳ ಪಾಲು ಶೇ 10 ಮಾತ್ರ. 6ರಿಂದ 20ನೇ ವರ್ಷದವರೆಗೆ ಹೋದದ್ದು ಶೇ 53. ಉಳಿದದ್ದು ಕೊನೆಯ ಇಪ್ಪತ್ತು ವರ್ಷದ್ದು. ಪಂಪು ಗುಜರಿಗೆ ಹೋಗುವುದು ಐದನೇ ವರ್ಷಕ್ಕೆ. ಕಳ್ಳ ಬೀದಿಗೆ ಬರುವ ಹೊತ್ತಿಗೆ ಅದು ಊರೇ ಬಿಟ್ಟಿರುತ್ತದೆ.

ಹಾಗಾಗಿ ಆಯಸ್ಸನ್ನೇ ನೋಡಿ ಹೆದರಬೇಕಾಗಿಲ್ಲ, ಹಣ ಸರಾಸರಿ ಯಾವಾಗ ಬರುತ್ತದೆ ಎಂದು ನೋಡಬೇಕು. ಪ್ರತಿ ವರ್ಷವನ್ನೂ ಆ ವರ್ಷದ ಲಾಭದ ಇಂದಿನ ಬೆಲೆಯಿಂದ ತೂಗಿ ಸರಾಸರಿ ತೆಗೆದರೆ ಪಂಪಿಗೆ 2.8 ವರ್ಷ, ಕಾಲುವೆಗೆ 10.8 ವರ್ಷ ಬರುತ್ತದೆ. ಅದನ್ನು 1.09ರಿಂದ ಭಾಗಿಸಿ: 2.6 ಮತ್ತು 9.9. ಒಂದು ಪಾಯಿಂಟ್ ಬದಲಾದರೆ ಲಾಭದ ಇಂದಿನ ಬೆಲೆ ಹೆಚ್ಚುಕಡಿಮೆ ಇಷ್ಟು ಶೇಕಡ ಅಲುಗಾಡುತ್ತದೆ. ದರ ಏರಿದಾಗ ನಿಜವಾಗಿ ಬಿದ್ದದ್ದು ಪಂಪಿಗೆ ಶೇ 2.5, ಕಾಲುವೆಗೆ ಶೇ 9.1. ಅಂದಾಜು ತುಸು ಹೆಚ್ಚು ಹೇಳುತ್ತದೆ, ದಾರಿ ತಪ್ಪಿಸುವುದಿಲ್ಲ. ನಲವತ್ತು ವರ್ಷ ಬಾಳುವ ಯೋಜನೆಯೂ ತನ್ನ ಲಾಭವನ್ನೆಲ್ಲ ಮೊದಲ ಆರು ವರ್ಷದಲ್ಲಿ ಕೊಟ್ಟು ಮುಗಿಸುವುದಾದರೆ ಅದು ಪಂಪಿನ ಜಾತಿಯದೇ. ಇನ್ನೊಂದು ಎಚ್ಚರಿಕೆ: ‘ಎನ್‌ಪಿವಿ ಶೇ 191ರಷ್ಟು ಕುಸಿತ’ ಎಂದು ಯಾರಾದರೂ ಪತ್ರಿಕೆಗೆ ಹೇಳಿಕೆ ಕೊಟ್ಟರೆ ಬೆಚ್ಚಬೇಡಿ. ಎನ್‌ಪಿವಿ ಎಂಬುದು ಹತ್ತೂವರೆ ಕೋಟಿಯಲ್ಲಿ ಹತ್ತು ಕೋಟಿ ಕಳೆದು ಉಳಿದ ಚಿಲ್ಲರೆ. ಚಿಲ್ಲರೆಯ ಮೇಲೆ ಶೇಕಡ ತೆಗೆದರೆ ಎಷ್ಟು ಬೇಕಾದರೂ ಬರುತ್ತದೆ.

ಸಭೆಯಲ್ಲಿ ಇತಿಹಾಸ ಬಲ್ಲವರೊಬ್ಬರು ಎದ್ದು ನಿಂತರು. ‘ಕಾಲುವೆಗೆ ನಲವತ್ತೇ ವರ್ಷ ಯಾಕ್ರಿ ಆಯಸ್ಸು? ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ನೋಡ್ರಿ, ನೂರಾರು ವರ್ಷದಿಂದ ನೀರು ಕೊಡ್ತಾ ಇಲ್ವಾ? ಹಿರಿಯೂರಿನ ಮಾರಿಕಣಿವೆ 1907ರಲ್ಲಿ ಮುಗಿದದ್ದು, 2022ರಲ್ಲೂ ಕೋಡಿ ಬಿತ್ತು.’ ಭಾವುಕ ವಾದ, ಚಪ್ಪಾಳೆಯೂ ಬಿತ್ತು. ಲೆಕ್ಕದ ಹುಡುಗ ಪಾಪ, ಅಲ್ಲೇ ಟೈಪ್ ಮಾಡಿದ. ಕಾಲುವೆ ಸೂರ್ಯಚಂದ್ರರಿರುವ ತನಕ ಇದೇ ಲಾಭ ಕೊಡುತ್ತದೆ ಎಂದೇ ಹಿಡಿದರೂ, 41ನೇ ವರ್ಷದಿಂದ ಪ್ರಳಯದವರೆಗಿನ ಅಷ್ಟೂ ನೀರಿನ ಇಂದಿನ ಬೆಲೆ ಶೇ 9ರಲ್ಲಿ 35 ಲಕ್ಷದಷ್ಟು, ಶೇ 10ರಲ್ಲಿ 22 ಲಕ್ಷದಷ್ಟು. ಹತ್ತರ ದರದಲ್ಲಿ ಚಿರಂಜೀವಿಯಾದರೂ ಕಾಲುವೆ 24 ಲಕ್ಷ ನಷ್ಟದಲ್ಲೇ ಇದೆ. ಸೂಳೆಕೆರೆ ಕಟ್ಟಿಸಿದವರು ಈ ಸಭೆಯ ಅನುಮೋದನೆಗೆ ಕಾದಿದ್ದರೆ ಅಲ್ಲಿ ಇವತ್ತು ಸೈಟು ಹಂಚಿಕೆಯಾಗಿರುತ್ತಿತ್ತು.

ದರದ ಬಗ್ಗೆ ಜಗಳ ನಮ್ಮ ಜಿಲ್ಲೆಗೇ ಸೀಮಿತವಲ್ಲ ಎನ್ನುವುದು ನಿಜ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ವರ್ಷಗಟ್ಟಲೆ ಶೇ 12 ಹಿಡಿದುಕೊಂಡಿದ್ದು 2017ರಲ್ಲಿ ಶೇ 9ಕ್ಕೆ ಇಳಿಯಿತು. ಬ್ರಿಟನ್ ಸರ್ಕಾರದ ಕೈಪಿಡಿಯಲ್ಲಿ ಶೇ 3.5 ಇದೆ, 30 ವರ್ಷ ದಾಟಿದ ಮೇಲಿನ ಲಾಭಕ್ಕೆ ಇನ್ನೂ ಕಡಿಮೆ. ವ್ಯತ್ಯಾಸ ಇಷ್ಟೇ: ಅಲ್ಲಿ ದರ ಮೊದಲು ಅಚ್ಚಾಗುತ್ತದೆ, ಕಡತ ಆಮೇಲೆ ಬರುತ್ತದೆ. ನಮ್ಮಲ್ಲಿ ಕಡತ ಯಾರದ್ದು ಎಂದು ಗೊತ್ತಾದ ಮೇಲೆ ದರ ಹುಟ್ಟುತ್ತದೆ. ಒಂದೇ ಸಭೆಯಲ್ಲಿ ಪಂಪಿನ ಕಡತಕ್ಕೆ 10, ಕಾಲುವೆಯ ಕಡತಕ್ಕೆ 8 ಹಾಕಿ, ಎರಡು ಎನ್‌ಪಿವಿಗಳನ್ನು ಅಕ್ಕಪಕ್ಕ ಬರೆದು ‘ಕಾಲುವೆಯೇ ಉತ್ತಮ’ ಎಂದು ಷರಾ ಹಾಕಿದ ಉದಾಹರಣೆಯನ್ನು ಊಹಿಸಿಕೊಳ್ಳಲು ಹೆಚ್ಚು ಕಷ್ಟಪಡಬೇಕಾಗಿಲ್ಲ.

ಇದನ್ನು ಪತ್ತೆ ಮಾಡುವುದು ಸುಲಭ. ಕಡತದಲ್ಲಿ ಒಂದೇ ಎನ್‌ಪಿವಿ ಇದ್ದರೆ ಅನುಮಾನಿಸಿ. ಎನ್‌ಪಿವಿ ಸೊನ್ನೆಯಾಗುವ ದರ ಯಾವುದು ಎಂದು ಕೇಳಿ. ಪಂಪಿಗೆ ಅದು ಶೇ 10.9, ಕಾಲುವೆಗೆ ಶೇ 9.5. ಶೇ 9ರಲ್ಲಿ ಅವಳಿಗಳಂತೆ ಕಂಡವು, ಆದರೆ ಪಂಪು ಕಂದಕದಿಂದ ಎರಡು ಹೆಜ್ಜೆ ದೂರದಲ್ಲಿದೆ, ಕಾಲುವೆ ಅರ್ಧ ಹೆಜ್ಜೆ. ಕಾಲುವೆ ಬೇಡವೆಂದಲ್ಲ, ಅದರ ಹಣೆಬರಹ ಅರ್ಧ ಪಾಯಿಂಟಿನ ಮೇಲೆ ನಿಂತಿದೆ ಎಂಬುದು ಕಡತದ ಮೊದಲ ಪುಟದಲ್ಲೇ ಇರಬೇಕಿತ್ತು.

ಅಂದ ಹಾಗೆ, ಮೂರು ಗಂಟೆಯ ಚರ್ಚೆಯಲ್ಲಿ ಯಾರೂ ಎತ್ತದ ಒಂದು ಸಂಗತಿ ಇದೆ. ದರ ಶೇ 9ರಲ್ಲೇ ಇರಲಿ. 10 ಕೋಟಿ ಖರ್ಚಾದ ಮೇಲೆ, ಭೂಸ್ವಾಧೀನದ ತಕರಾರಿನಲ್ಲೋ ಗುತ್ತಿಗೆದಾರನ ಬಾಕಿ ಬಿಲ್ಲಿನಲ್ಲೋ ನೀರು ಮೂರು ವರ್ಷ ತಡವಾಗಿ ಹರಿಯಿತು ಎನ್ನಿ. ಲಾಭದ ಇಂದಿನ ಬೆಲೆ ಹತ್ತೂವರೆ ಕೋಟಿಯಿಂದ 8 ಕೋಟಿ 11 ಲಕ್ಷಕ್ಕೆ ಇಳಿಯುತ್ತದೆ, ಎನ್‌ಪಿವಿ 1 ಕೋಟಿ 89 ಲಕ್ಷ ನಷ್ಟ. ಸಾಹೇಬರ ದುಂಡು ಸಂಖ್ಯೆ ಮಾಡಿದ ಅನಾಹುತಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ ತಡವಾಗುವುದಕ್ಕೆ ಎಕ್ಸೆಲ್‌ನಲ್ಲಿ ಸೆಲ್ ಇರಲಿಲ್ಲ. ಕಾಮಗಾರಿಗಳು ಸಕಾಲದಲ್ಲಿ ಮುಗಿಯುತ್ತವೆ ಎಂಬುದು ನಮ್ಮ ಜಿಲ್ಲೆಯಲ್ಲಿ ಶೇ 0 ದರದಲ್ಲಿ ನಂಬುವ ಏಕೈಕ ವಿಷಯ.

ಕೊನೆಗೆ ಎಂಟರವರೂ ಹತ್ತರವರೂ ರಾಜಿಯಾದರು. ‘ಒಂಬತ್ತೂವರೆ ಹಾಕ್ರಿ, ಯಾರಿಗೂ ಬ್ಯಾಸರ ಬ್ಯಾಡ’ ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ಹುಡುಗ ಒತ್ತಿದ. 10 ಕೋಟಿಯ ಕಾಲುವೆ, 40 ವರ್ಷ, ಎನ್‌ಪಿವಿ ಸುಮಾರು 13 ಸಾವಿರ ರೂಪಾಯಿ ಲಾಭ. ಯೋಜನೆ ಕಾರ್ಯಸಾಧ್ಯವೆಂದು ಸರ್ವಾನುಮತದಿಂದ ದಾಖಲಾಯಿತು. ಅದೇ ನಡಾವಳಿಯ ಮುಂದಿನ ಸಾಲಿನಲ್ಲಿ ಸಭೆಯ ಬೆಣ್ಣೆದೋಸೆ, ಖಾರ ಮಂಡಕ್ಕಿ ಮತ್ತು ಚಹಾದ ಬಿಲ್ಲು 14 ಸಾವಿರ ರೂಪಾಯಿಗೂ ಮಂಜೂರಾತಿ ದೊರೆಯಿತು.